ಹೆಚ್ಚು ಸುಖವೋ, ಮೇಲಾದ ಸುಖವೋ?

ಸುಖದ ಪ್ರಮಾಣ ಒಂದೇ ಆಗಿದ್ದರೆ ಪುಷ್‌ಪಿನ್ ಆಟಕ್ಕೂ ಕಾವ್ಯಕ್ಕೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ ಎಂದು ಜೆರೆಮಿ ಬೆಂಥಾಮ್ ಹೇಳಿದನೆಂಬುದು ಪ್ರಸಿದ್ಧ. ಆ ಮಾತು ಈ ರೂಪ ಪಡೆದದ್ದು ಅವನ ಕೈಯಲ್ಲಲ್ಲ. ಅವನು ತೀರಿಕೊಂಡ ಆರು ವರ್ಷಗಳ ಮೇಲೆ, 1838ರಲ್ಲಿ, ಜಾನ್ ಸ್ಟುವರ್ಟ್ ಮಿಲ್ ಅವನ ಕುರಿತು ಬರೆದ ಪ್ರಬಂಧದಲ್ಲಿ ಅದನ್ನು ಹೀಗೆ ಅಡಕಗೊಳಿಸಿದ. ಬೆಂಥಾಮ್‌ನ ಮೂಲ ಮಾತು 1825ರಲ್ಲಿ ಇಂಗ್ಲಿಷಿನಲ್ಲಿ ಬಂದ 'ದಿ ರ್‍ಯಾಷನೇಲ್ ಆಫ್ ರಿವಾರ್ಡ್' ಪುಸ್ತಕದಲ್ಲಿದೆ, ಮತ್ತು ಅಲ್ಲಿ ಅವನು ಕಾವ್ಯವಿಮರ್ಶೆ ಮಾಡುತ್ತಿರಲಿಲ್ಲ. ಸರ್ಕಾರ ಯಾವ ಕಲೆಗೆ, ಯಾವ ವಿದ್ಯೆಗೆ ಬಹುಮಾನ ಕೊಡಬೇಕು, ಆ ಹಣ ಯಾರ ಜೇಬಿನಿಂದ ಬರುತ್ತದೆ ಎಂಬುದು ಅವನ ಪ್ರಶ್ನೆ. ಪುಷ್‌ಪಿನ್ ಎಂದರೆ ಮೇಜಿನ ಮೇಲೆ ಗುಂಡುಸೂಜಿ ಇಟ್ಟು, ಬೆರಳಿನಿಂದ ತಳ್ಳಿ, ಎದುರಾಳಿಯ ಸೂಜಿಯ ಮೇಲೆ ತನ್ನದನ್ನು ಹಾಯಿಸುವ ಮಕ್ಕಳ ಆಟ. ಅದನ್ನು ಯಾರು ಬೇಕಾದರೂ ಆಡಿ ಖುಷಿಪಡಬಹುದು, ಕಾವ್ಯವನ್ನು ಸವಿಯುವವರು ಕೆಲವರು. ಎಲ್ಲರ ತೆರಿಗೆಯಿಂದ ಕೆಲವರ ರುಚಿಯನ್ನು ಸಾಕುವಾಗ, ಆ ರುಚಿ ತನ್ನಷ್ಟಕ್ಕೇ ಶ್ರೇಷ್ಠ ಎಂಬ ನೆಪ ಸಾಲದು ಎಂಬುದು ಅವನ ವಾದದ ತಿರುಳು. ಮಿಲ್‌ನ ಅಡಕಮಾತನ್ನಷ್ಟೇ ಓದಿದವರು ಬೆಂಥಾಮ್‌ನನ್ನು ಅರಸಿಕನೆಂದು ನಗುತ್ತಾರೆ. ಅವನೆತ್ತಿದ್ದು ನ್ಯಾಯದ ಪ್ರಶ್ನೆ. ಗುಣದ ಪರವಾಗಿ ವಾದಿಸಹೊರಟ ನಾನು ಆ ಪ್ರಶ್ನೆಯನ್ನು ದಾಟಿಕೊಂಡು ಹೋಗಲಾರೆ.

ಬೆಂಥಾಮ್‌ನ ಅಳತೆ ನಾವಂದುಕೊಂಡಷ್ಟು ಒರಟಲ್ಲ. 1789ರಲ್ಲಿ ಪ್ರಕಟವಾದ ತನ್ನ ಮುಖ್ಯ ಗ್ರಂಥದಲ್ಲಿ ಸುಖವನ್ನು ತೂಗಲು ಅವನು ಏಳು ಸಂಗತಿಗಳನ್ನು ಹೆಸರಿಸಿದ: ಅದು ಎಷ್ಟು ತೀವ್ರ, ಎಷ್ಟು ಹೊತ್ತು ಇರುತ್ತದೆ, ಸಿಗುವುದು ಎಷ್ಟು ಖಚಿತ, ಎಷ್ಟು ಬೇಗ ಸಿಗುತ್ತದೆ, ತನ್ನಂಥ ಇನ್ನಷ್ಟು ಸುಖವನ್ನು ಹುಟ್ಟಿಸುತ್ತದೆಯೇ, ನೋವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆಯೇ, ಎಷ್ಟು ಜನರಿಗೆ ತಲುಪುತ್ತದೆ. ಇದನ್ನು ಒಂದು ಉದಾಹರಣೆಯ ಮೇಲೆ ಪ್ರಯೋಗಿಸಿ ನೋಡಬೇಕು. ಒಬ್ಬಾತನ ಮುಂದೆ ಶನಿವಾರದ ಸಂಜೆ ಇದೆ. ಗೆಳೆಯರೊಡನೆ ಬಾರಿಗೆ ಹೋಗಬಹುದು, ಇಲ್ಲವೇ ಕೊಳಲಿನ ಪಾಠಕ್ಕೆ ಹೋಗಬಹುದು. ತೀವ್ರತೆಯಲ್ಲಿ ಬಾರು ಮುಂದೆ. ಖಚಿತತೆಯಲ್ಲೂ ಅದೇ ಮುಂದೆ, ಏಕೆಂದರೆ ಎರಡನೇ ಗ್ಲಾಸು ಎಂದೂ ಕೈಕೊಡುವುದಿಲ್ಲ, ಕೊಳಲು ಮೊದಲ ಮೂರು ತಿಂಗಳು ಬರೀ ಉಸಿರಿನ ಸದ್ದು ಮಾಡುತ್ತದೆ. ಬೇಗ ಸಿಗುವುದರಲ್ಲಂತೂ ಪೈಪೋಟಿಯೇ ಇಲ್ಲ. ಆದರೆ ಐದನೆಯ ಸಂಗತಿಗೆ ಬಂದಾಗ ಲೆಕ್ಕ ತಿರುಗುತ್ತದೆ. ಒಂದು ರಾಗದ ಪರಿಚಯವಾದವನಿಗೆ ಆಮೇಲೆ ಕೇಳುವ ಪ್ರತಿ ಕಛೇರಿಯಲ್ಲೂ ಹೊಸದೇನೋ ಕೇಳಿಸುತ್ತದೆ, ಕಲಿತ ಸುಖ ಇನ್ನೊಂದು ಸುಖವನ್ನು ಹಡೆಯುತ್ತದೆ. ಆರನೆಯದರಲ್ಲಿ ಬಾರಿಗೆ ಮರುದಿನದ ತಲೆನೋವೂ ಮನೆಯವರ ಮುನಿಸೂ ಅಂಟಿಕೊಂಡಿವೆ. ಏಳನೆಯದರಲ್ಲಿ ಹತ್ತು ವರ್ಷದ ನಂತರ ಅವನ ಕೊಳಲನ್ನು ಮನೆಮಂದಿ, ನೆರೆಯವರು ಕುಳಿತು ಕೇಳಿಯಾರು. ಇಷ್ಟನ್ನೂ ಕೂಡಿಸಿದರೆ ಕೊಳಲೇ ಗೆಲ್ಲುತ್ತದೆ, ಅದೂ 'ಗುಣ' ಎಂಬ ಪದವನ್ನು ಒಮ್ಮೆಯೂ ಬಳಸದೆ.

ಈ ವಾದ ತನ್ನ ಮಟ್ಟಿಗೆ ಪೂರ್ತಿ ಸರಿ ಎಂದು ಮಿಲ್ ಕೂಡ ಒಪ್ಪಿಕೊಂಡಿದ್ದ. ಮನಸ್ಸಿನ ಸುಖಗಳು ದೀರ್ಘಕಾಲ ಬಾಳುತ್ತವೆ, ಅಪಾಯ ಕಡಿಮೆ, ಖರ್ಚು ಕಡಿಮೆ ಎಂಬುದನ್ನು ತನ್ನ ಹಿಂದಿನ ಉಪಯುಕ್ತತಾವಾದಿಗಳು ಆಗಲೇ ಸ್ಥಾಪಿಸಿದ್ದಾರೆ ಎಂದು ಅವನು ಬರೆದ. ಹಾಗಿದ್ದ ಮೇಲೆ ಅವನಿಗೆ ಬೇರೆ ವಾದ ಯಾಕೆ ಬೇಕಾಯಿತು? ಒಂದು ಕಾರಣ ಹೊರಗಿನದು. 1850ರಲ್ಲಿ ಥಾಮಸ್ ಕಾರ್ಲೈಲ್ ಇಂಥ ಸಿದ್ಧಾಂತವನ್ನು ಹಂದಿಗಳ ತತ್ವಶಾಸ್ತ್ರವೆಂದು ಮೂದಲಿಸಿದ್ದ. ಸುಖವೇ ಪರಮ ಗುರಿ ಎಂದ ಗ್ರೀಸಿನ ಎಪಿಕ್ಯೂರಸನ ಅನುಯಾಯಿಗಳಿಗೂ ಶತಮಾನಗಳ ಹಿಂದೆ ಅದೇ ಬೈಗುಳ ಸಿಕ್ಕಿತ್ತು. ಇನ್ನೊಂದು ಕಾರಣ ಲೆಕ್ಕದ ಒಳಗಿನದೇ. ಕೊಳಲು ಗೆದ್ದದ್ದು ಅಂಕಿಗಳು ಹಾಗೆ ಬಿದ್ದದ್ದರಿಂದ. ತಲೆನೋವು ತಾರದ, ಅಗ್ಗದ, ಎಂದೂ ಮುಗಿಯದ ಒಂದು ಅಮಲನ್ನು ಯಾರಾದರೂ ಕಂಡುಹಿಡಿದರೆ ಆಗ ಅಂಕಿಗಳು ಬೇರೆ ಕಡೆ ಬೀಳುತ್ತವೆ, ಕೊಳಲನ್ನು ಪಕ್ಕಕ್ಕಿಡಲು ಅದೇ ಲೆಕ್ಕ ಹೇಳುತ್ತದೆ. ಮಿಲ್‌ಗೆ ಬೇಕಾಗಿದ್ದದ್ದು ಅಂಥ ಸಂದರ್ಭದಲ್ಲೂ ಅಲುಗದ ಕಾರಣ.

1861ರಲ್ಲಿ 'ಫ್ರೇಜರ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಮೂರು ಕಂತಾಗಿ, 1863ರಲ್ಲಿ ಪುಸ್ತಕವಾಗಿ ಬಂದ 'ಯುಟಿಲಿಟೇರಿಯನಿಸಂ' ಕೃತಿಯ ಎರಡನೇ ಅಧ್ಯಾಯದಲ್ಲಿ ಆ ಕಾರಣವನ್ನು ಅವನು ಮುಂದಿಟ್ಟ. ಬೇರೆಲ್ಲವನ್ನೂ ತೂಗುವಾಗ ಗುಣವನ್ನೂ ಪ್ರಮಾಣವನ್ನೂ ನೋಡುತ್ತೇವೆ, ಸುಖದ ವಿಚಾರದಲ್ಲಿ ಮಾತ್ರ ಪ್ರಮಾಣವನ್ನಷ್ಟೇ ನೋಡುವುದು ಅಸಂಬದ್ಧ ಎಂದು ಶುರುಮಾಡುತ್ತಾನೆ. ಯಾವ ಸುಖ ಮೇಲಿನದು ಎಂದು ತಿಳಿಯುವ ದಾರಿ ಒಂದೇ: ಎರಡನ್ನೂ ಬಲ್ಲವರನ್ನು ಕೇಳುವುದು. ಎರಡನ್ನೂ ಅನುಭವಿಸಿದ ಎಲ್ಲರೂ ಅಥವಾ ಬಹುತೇಕ ಎಲ್ಲರೂ, ಕರ್ತವ್ಯದ ಒತ್ತಡವಿಲ್ಲದೆ, ಒಂದನ್ನು ಖಚಿತವಾಗಿ ಆರಿಸಿದರೆ ಅದು ಹೆಚ್ಚು ಬಯಸತಕ್ಕ ಸುಖ. ಅಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾನೆ. ಅಸಮಾಧಾನ ಹೆಚ್ಚೆಂದು ಗೊತ್ತಿದ್ದೂ, ಇನ್ನೊಂದನ್ನು ಎಷ್ಟು ಕೊಟ್ಟರೂ ಇದನ್ನು ಬಿಟ್ಟುಕೊಡಲು ಅವರು ಒಪ್ಪದಿದ್ದರೆ, ಪ್ರಮಾಣ ಲೆಕ್ಕಕ್ಕೇ ಬಾರದಷ್ಟು ಗುಣದಲ್ಲಿ ಇದು ಮೇಲು. ತೃಪ್ತ ಮೂರ್ಖನಿಗಿಂತ ಅತೃಪ್ತ ಸಾಕ್ರೆಟಿಸ್ ಆಗಿರುವುದು ಲೇಸೆಂಬ, ಎಲ್ಲರಿಗೂ ಗೊತ್ತಿರುವ ಮಾತು ಬರುವುದು ಇದರ ಬೆನ್ನಿಗೇ.

ಇಲ್ಲಿ ಎರಡು ಬೇರೆ ಬೇರೆ ಮಾತುಗಳು ಒಂದಾಗಿ ಕೂತಿವೆ. ಗುಣವೂ ಲೆಕ್ಕಕ್ಕೆ ಬರಬೇಕು ಎಂಬುದು ಒಂದು. ಮೇಲಿನ ಸುಖದ ಒಂದಿಷ್ಟನ್ನು ಕೆಳಗಿನ ಸುಖದ ಎಷ್ಟೇ ದೊಡ್ಡ ರಾಶಿಯೂ ಸರಿಗಟ್ಟದು ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನು ಒಪ್ಪಬೇಕಾಗಿಲ್ಲ. ಮಿಲ್‌ನ ಬಗ್ಗೆ ಒಂದೂವರೆ ಶತಮಾನದಿಂದ ನಡೆದಿರುವ ಜಗಳದಲ್ಲಿ ಬಹಳಷ್ಟು ಇವೆರಡನ್ನು ಬೇರ್ಪಡಿಸದಿದ್ದುದರಿಂದ ಹುಟ್ಟಿದ್ದೆಂದು ನನಗನ್ನಿಸುತ್ತದೆ.

ಮೊದಲನೆಯ ಮಾತಿಗೇ ಅಡ್ಡ ಬಂದವನು ಹೆನ್ರಿ ಸಿಜ್‌ವಿಕ್. ಸ್ವತಃ ಉಪಯುಕ್ತತಾವಾದಿ, ಮಿಲ್‌ಗಿಂತ ಕಟ್ಟುನಿಟ್ಟಿನ ಮನುಷ್ಯ. 1874ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಅವನು ಹಿಡಿದ ಪಟ್ಟು ಇದು: ಒಂದು ಸುಖವನ್ನು ಇನ್ನೊಂದಕ್ಕಿಂತ ಮೇಲೆನ್ನುವುದು ಅದು ಹೆಚ್ಚು ಸುಖಕರ ಎಂಬ ಕಾರಣಕ್ಕಾದರೆ ಅದು ಪ್ರಮಾಣದ ಮಾತೇ ಆಯಿತು, ಗುಣವೆನ್ನುವುದು ಬರೀ ಹೆಸರು. ಬೇರೆ ಕಾರಣಕ್ಕಾದರೆ, ಅಂದರೆ ಅದು ಉದಾತ್ತ, ಘನವಾದದ್ದು ಎಂಬ ಕಾರಣಕ್ಕಾದರೆ, ಸುಖವಲ್ಲದ ಇನ್ನೊಂದನ್ನು ಬೆಲೆಯಾಗಿ ಒಳಗೆ ಬಿಟ್ಟುಕೊಂಡಂತಾಯಿತು. ಆಗ ಸುಖವೊಂದೇ ಗುರಿ ಎನ್ನುವ ಹಕ್ಕು ಉಳಿಯುವುದಿಲ್ಲ. 1903ರಲ್ಲಿ ಜಿ. ಇ. ಮೂರ್ ಇದೇ ಆಕ್ಷೇಪವನ್ನು ಇನ್ನೂ ಖಾರವಾಗಿ ಮಂಡಿಸಿದ. ತತ್ವಶಾಸ್ತ್ರದ ತರಗತಿಗಳಲ್ಲಿ ಮಿಲ್‌ನ ಈ ಅಧ್ಯಾಯವನ್ನು ಮುಗಿದ ಕಥೆಯೆಂಬಂತೆ ಕಲಿಸಲು ಈ ಇಕ್ಕಟ್ಟೇ ಕಾರಣ.

ನನಗೆ ಈ ಇಕ್ಕಟ್ಟು ಒಂದು ಊಹೆಯ ಮೇಲೆ ನಿಂತಿರುವಂತೆ ಕಾಣುತ್ತದೆ. ಎಲ್ಲ ಸುಖಗಳಲ್ಲೂ ಒಂದೇ ವಸ್ತು ಇದೆ, ಹಾಲಿನ ಕೇಂದ್ರದಲ್ಲಿ ಲೀಟರಿನಲ್ಲಿ ಅಳೆಯುವ ಹಾಲಿನ ಹಾಗೆ, ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ, ಎಂಬುದು ಆ ಊಹೆ. ಅನುಭವ ಹಾಗಿಲ್ಲ. ನೋಯುವ ಬೆನ್ನಿಗೆ ಯಾರೋ ಎಣ್ಣೆ ಹಚ್ಚಿ ತಿಕ್ಕಿದಾಗ ಆಗುವ ಸುಖವೂ, ಎರಡು ದಿನ ಬಿಡದೆ ಕಾಡಿದ ಲೆಕ್ಕ ಹಠಾತ್ತನೆ ಬಿಡಿಸಿಕೊಂಡಾಗ ಆಗುವ ಸುಖವೂ ಒಂದೇ ವಸ್ತುವಿನ ಎರಡು ಅಳತೆಗಳಲ್ಲ. ಎರಡನೆಯದರ ಸುಖದಲ್ಲಿ ಲೆಕ್ಕ ಅರ್ಥವಾದದ್ದೂ ಸೇರಿದೆ. ಅರ್ಥವಾದದ್ದನ್ನು ತೆಗೆದುಹಾಕಿ ಬರೀ ಸುಖವನ್ನು ಉಳಿಸಿಕೊಳ್ಳುತ್ತೇನೆಂದರೆ ಉಳಿಯುವುದು ಏನೂ ಇಲ್ಲ. ಸುಖದ ಗುಣವೆಂದರೆ ಸುಖದ ಹೊರಗಿನಿಂದ ತಂದು ಅಂಟಿಸಿದ ಘನತೆ ಅಲ್ಲ, ಅದು ಎಂಥ ಸುಖ, ಯಾವುದರಿಂದ ಆದ ಸುಖ ಎಂಬುದೇ. ಹಾಗೆ ನೋಡಿದರೆ, ಮೇಲಿನ ಸುಖವನ್ನು ಆರಿಸುವವನು ಸುಖವನ್ನೇ ಆರಿಸುತ್ತಿದ್ದಾನೆ, ಸುಖಕ್ಕೆ ಹೊರತಾದ ಏನನ್ನೋ ಅಲ್ಲ. ಸಿಜ್‌ವಿಕ್ ಇದಕ್ಕೆ ಒಪ್ಪುತ್ತಿರಲಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕದಿದ್ದರೆ ಸಮಾಜಕ್ಕೆ ಯಾವುದು ಹಿತವೆಂದು ಲೆಕ್ಕಹಾಕುವುದು ಹೇಗೆ ಎಂದು ಕೇಳುತ್ತಿದ್ದ. ಅದು ಕಷ್ಟ, ನಿಜ. ಆದರೆ ಲೆಕ್ಕಕ್ಕೆ ಕಷ್ಟವಾಗುತ್ತದೆಂದು ಅನುಭವವನ್ನು ಬೇರೆಯಾಗಿ ಬಣ್ಣಿಸುವುದು ಸರಿಯಲ್ಲ.

ಇನ್ನು ಎರಡನ್ನೂ ಬಲ್ಲವರನ್ನು ಕೇಳುವ ಪರೀಕ್ಷೆ. ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, ಬಲ್ಲವರೇ ದಿನವೂ ಕೆಳಗಿನದನ್ನು ಆರಿಸುತ್ತಾರಲ್ಲ ಎಂಬುದು. ಹಳೆಗನ್ನಡ ಓದಿಕೊಂಡು ಎಂ.ಎ. ಮಾಡಿದ ಒಬ್ಬಾಕೆ ಈಗ ಒಂದು ಖಾಸಗಿ ಕಚೇರಿಯಲ್ಲಿ ಹತ್ತು ಗಂಟೆ ದುಡಿದು, ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು, ಮನೆಗೆ ಬಂದು ಅಡುಗೆ ಮುಗಿಸಿ ರಾತ್ರಿ ಹತ್ತಕ್ಕೆ ಸೋಫಾದ ಮೇಲೆ ಕೂರುತ್ತಾಳೆ ಎನ್ನಿ. ಶೆಲ್ಫಿನಲ್ಲಿ ಪಂಪನಿದ್ದಾನೆ, ಕೈಯಲ್ಲಿ ಮೊಬೈಲಿದೆ. ಅವಳು ರೀಲ್ಸ್ ನೋಡುತ್ತಾಳೆ. ಎರಡನ್ನೂ ಬಲ್ಲವಳು ತೀರ್ಪು ಕೊಟ್ಟಾಯಿತೇ?

ಕೊಟ್ಟಿಲ್ಲ. ಮಿಲ್‌ನ ಪರೀಕ್ಷೆ ಕೇಳುವುದು ಇವತ್ತು ರಾತ್ರಿ ಯಾವುದು ಬೇಕು ಎಂದಲ್ಲ, ಯಾವುದನ್ನು ಬಿಟ್ಟುಕೊಡಲು ಸಿದ್ಧ ಎಂದು. ಪಂಪನನ್ನು ಓದಿ ಸವಿಯುವ ಶಕ್ತಿಯನ್ನೇ ನಿನ್ನಿಂದ ತೆಗೆದುಬಿಡುತ್ತೇವೆ, ಬದಲಿಗೆ ಜೀವಮಾನವಿಡೀ ಬೇಸರವಾಗದ ರೀಲ್ಸ್ ಕೊಡುತ್ತೇವೆ ಎಂದರೆ ಅವಳು ಒಪ್ಪುವಳೇ? ಒಪ್ಪಲಾರಳು ಎಂದೇ ನನ್ನ ನಂಬಿಕೆ. ಒಪ್ಪಂದದ ಮಾತು ಕೇಳಿ ಅವಳಿಗೆ ಸಿಟ್ಟೂ ಬಂದೀತು. ಅವಳ ರಾತ್ರಿಯ ಆಯ್ಕೆ ಅವಳ ದಣಿವಿನ ಬಗ್ಗೆ ಹೇಳುತ್ತದೆಯೇ ಹೊರತು ಪಂಪನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಿಲ್ ಇದನ್ನು ಬಲ್ಲ. ಸಾಕ್ರೆಟಿಸ್‌ನ ಮಾತು ಮುಗಿಸಿ ಒಂದೆರಡು ಪ್ಯಾರಾ ಮುಂದೆ ಹೋದರೆ, ಉನ್ನತ ಭಾವಗಳ ಸಾಮರ್ಥ್ಯವೆಂಬುದು ಎಳೆಯ ಗಿಡದಂಥದ್ದು, ಕೆಟ್ಟ ಪೆಟ್ಟಿನಿಂದ ಮಾತ್ರವಲ್ಲ, ಬರಿಯ ಪೋಷಣೆಯ ಕೊರತೆಯಿಂದಲೂ ಸಾಯುತ್ತದೆ ಎಂಬ ಅರ್ಥದ ಮಾತು ಬರುತ್ತದೆ. ಹೆಚ್ಚಿನ ಯುವಜನರಲ್ಲಿ ಅದು ಬೇಗ ಒಣಗಿಹೋಗಲು ಅವರಿಗೆ ಸಿಕ್ಕ ಉದ್ಯೋಗ, ಸಿಕ್ಕ ಸಹವಾಸ ಕಾರಣ ಎನ್ನುತ್ತಾನೆ. ಅವರು ಕೆಳಗಿನ ಸುಖಕ್ಕೆ ಬೀಳುವುದು ಅದನ್ನು ಮೆಚ್ಚಿ ಅಲ್ಲ, ಅವರ ಕೈಗೆ ಎಟುಕುವುದು, ಅಥವಾ ಅವರಿಂದ ಇನ್ನೂ ಸವಿಯಲಾಗುವುದು ಅದೊಂದೇ ಆದ್ದರಿಂದ.

ಆದರೆ ಇದೇ ಉತ್ತರದಲ್ಲಿ ಒಂದು ಅಪಾಯವಿದೆ. ಮೇಲಿನದನ್ನು ಆರಿಸದ ಪ್ರತಿಯೊಬ್ಬರನ್ನೂ 'ಇವರ ಸಾಮರ್ಥ್ಯ ಒಣಗಿದೆ, ಇವರು ಪರೀಕ್ಷೆಗೆ ಅರ್ಹರಲ್ಲ' ಎಂದು ಹೊರಗಿಟ್ಟರೆ ಪರೀಕ್ಷೆ ಎಂದೂ ಸೋಲುವುದಿಲ್ಲ, ಸೋಲದ ಪರೀಕ್ಷೆಗೆ ಬೆಲೆಯೂ ಇಲ್ಲ. ಸಾಮರ್ಥ್ಯ ಜೀವಂತವಾಗಿದೆಯೋ ಇಲ್ಲವೋ ಎಂದು ಆಯ್ಕೆಯನ್ನು ನೋಡದೆ ಹೇಳಲು ಬರಬೇಕು. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಮಿಲ್‌ನ ಬದುಕೇ.

ತಂದೆ ಜೇಮ್ಸ್ ಮಿಲ್ ಅವನಿಗೆ ಮೂರನೇ ವಯಸ್ಸಿಗೆ ಗ್ರೀಕ್ ಶುರುಮಾಡಿಸಿದ, ಎಂಟಕ್ಕೆ ಲ್ಯಾಟಿನ್. 1823ರಲ್ಲಿ ಮಗ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡು, ಕೆಲಸದ ನಡುವೆಯೇ ಬೆಂಥಾಮ್‌ನ ಸಾಕ್ಷ್ಯಶಾಸ್ತ್ರದ ಹಸ್ತಪ್ರತಿಗಳನ್ನು ತಿದ್ದಿ ಐದು ಸಂಪುಟ ಮಾಡಿಕೊಟ್ಟ. ಮೇಲಿನ ಸುಖ ಎಂದು ಯಾವುದನ್ನು ಕರೆಯುತ್ತೇವೋ ಅದರಲ್ಲೇ ಬೆಳೆದ ಹುಡುಗ. 1826ರ ಶರತ್ಕಾಲದಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ತನ್ನನ್ನೇ ಕೇಳಿಕೊಂಡ: ನಾನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಸಂತೋಷವಾಗುತ್ತದೆಯೇ? ಇಲ್ಲ ಎಂಬ ಉತ್ತರ ಒಳಗಿನಿಂದ ಬಂತು. ತಿಂಗಳುಗಟ್ಟಲೆ ಯಾವುದರಲ್ಲೂ ರುಚಿ ಇರಲಿಲ್ಲ. ಮುಂದೆ ಸಂಗೀತದಲ್ಲಿ ಸ್ವಲ್ಪ ನೆಮ್ಮದಿ ಸಿಗತೊಡಗಿದಾಗ ಅಲ್ಲೂ ಒಂದು ಚಿಂತೆ ಹತ್ತಿಕೊಂಡಿತು. ಸಪ್ತಕದಲ್ಲಿ ಇರುವುದು ಐದು ಪೂರ್ಣಾಂತರ, ಎರಡು ಅರ್ಧಾಂತರ. ಅವನ್ನು ಜೋಡಿಸುವ ಬಗೆಗಳಿಗೆ ಒಂದು ಮಿತಿ ಇದೆ, ಅದರಲ್ಲೂ ಚೆಂದವಾದವು ಕೆಲವೇ. ಹಾಗಾದರೆ ಹೊಸ ಮಧುರ ಸಂಗೀತ ಒಂದು ದಿನ ಮುಗಿದುಹೋಗುತ್ತದಲ್ಲವೇ? ಈ ಯೋಚನೆ ತನ್ನನ್ನು ನಿಜವಾಗಿಯೂ ಹಿಂಸಿಸಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾನೆ.

ನನಗೆ ಆ ಆತ್ಮಕಥೆಯ ಅತ್ಯಂತ ಮುಖ್ಯ ಜಾಗ ಇದು. ಸಂಗೀತದ ಎದುರು ಕೂತೂ ಅವನು ದಾಸ್ತಾನು ಎಣಿಸುತ್ತಿದ್ದಾನೆ. ಕೇಳುತ್ತಿರುವುದು ಮೇಲಿನ ಸುಖವೇ, ಕೇಳುವ ಕಿವಿ ಮಾತ್ರ ಪ್ರಮಾಣದ ಲೆಕ್ಕಕ್ಕೆ ಪಳಗಿಬಿಟ್ಟಿದೆ. ಅವನನ್ನು ಅಲ್ಲಿಂದ ಎತ್ತಿದ್ದು ಇನ್ನಷ್ಟು ವಿದ್ಯೆಯಲ್ಲ. ಫ್ರೆಂಚ್ ಲೇಖಕ ಮಾರ್ಮೊಂಟೆಲ್‌ನ ನೆನಪುಗಳಲ್ಲಿ, ತಂದೆ ಸತ್ತಾಗ ಮನೆಗೆ ನಾನೇ ಎಲ್ಲವೂ ಆಗುತ್ತೇನೆಂದು ಹುಡುಗ ಮನಸ್ಸು ಗಟ್ಟಿಮಾಡಿಕೊಳ್ಳುವ ಪ್ರಸಂಗ ಓದಿ ಅತ್ತ. 1828ರಲ್ಲಿ ವರ್ಡ್ಸ್‌ವರ್ತ್ ಕೈಗೆ ಬಂದ, ಎಲ್ಲ ಮನುಷ್ಯರೂ ಹಂಚಿಕೊಳ್ಳಬಹುದಾದ ಒಂದು ಸಂತೋಷದ ಒರತೆ ಅಲ್ಲಿದೆ ಎಂದು ಕಂಡುಕೊಂಡ. ಅಂದರೆ 1826ರ ಮಿಲ್ ಬೇಕಾದಷ್ಟು 'ಬಲ್ಲವನು' ಆಗಿದ್ದರೂ ತೀರ್ಪು ಕೊಡುವ ಸ್ಥಿತಿಯಲ್ಲಿರಲಿಲ್ಲ. ಅದು ಗೊತ್ತಾಗುವುದು ಅವನು ಯಾವುದನ್ನು ಆರಿಸಿದ ಎಂಬುದರಿಂದಲ್ಲ. ಏನನ್ನು ಓದಿದರೂ, ಏನನ್ನು ಕೇಳಿದರೂ ಅವನಲ್ಲಿ ಏನೂ ಆಗುತ್ತಿರಲಿಲ್ಲ ಎಂಬುದರಿಂದ. ಕೇಳಿಯೂ ಕೇಳದವರು, ಓದಿಯೂ ಓದದವರು ನ್ಯಾಯಾಧೀಶರಾಗಲಾರರು, ಅವರು ಎಷ್ಟೇ ದೊಡ್ಡ ವಿದ್ವಾಂಸರಿರಲಿ. ಇದರಿಂದ ಇನ್ನೊಂದೂ ತಿಳಿಯುತ್ತದೆ. ಮೇಲು–ಕೀಳು ಎಂಬ ಗೆರೆ ಬುದ್ಧಿಗೂ ದೇಹಕ್ಕೂ ನಡುವೆ ಬೀಳುವುದಿಲ್ಲ. ಸಂಕಟಕ್ಕೆ ಮುಂಚಿನ ಮಿಲ್‌ನ ಬುದ್ಧಿಯ ಕಸರತ್ತಿಗಿಂತ, ಗೆಳೆಯರೊಡನೆ ಕೂತು ಬಾಯಿತುಂಬ ನಗುತ್ತಾ ಉಣ್ಣುವ ಊಟ ಎಷ್ಟೋ ಮೇಲಿನ ಸುಖ.

ಹಾಗಾದರೆ ಎರಡನೆಯ ಮಾತು, ಕೆಳಗಿನ ಸುಖ ಎಷ್ಟಿದ್ದರೂ ಮೇಲಿನದಕ್ಕೆ ಸಮವಲ್ಲ ಎಂಬುದು? ರಾಜರ್ ಕ್ರಿಸ್ಪ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1997ರಲ್ಲಿ ಮಿಲ್ ಕುರಿತ ತನ್ನ ಪುಸ್ತಕದಲ್ಲಿ ಒಂದು ಕಲ್ಪನೆ ಕೊಟ್ಟಿದ್ದಾನೆ. ಹುಟ್ಟಲು ಕಾದಿರುವ ಒಂದು ಜೀವದ ಮುಂದೆ ಎರಡು ಬದುಕುಗಳಿವೆ. ಒಂದು ಸಂಗೀತಗಾರ ಹೈಡನ್‌ನದು, 77 ವರ್ಷ, ಯಶಸ್ಸು, ಗೌರವ, ಸಂತೋಷ ತುಂಬಿದ್ದು. ಇನ್ನೊಂದು ಸಮುದ್ರದ ಸಿಂಪಿಯದು. ಬೆಚ್ಚನೆಯ ನೀರಿನಲ್ಲಿ ತೇಲುವ ಮಂದವಾದ ಸುಖ, ಆದರೆ ಎಷ್ಟು ಕಾಲ ಬೇಕಾದರೂ ಮುಂದುವರಿಸಿಕೊಡುತ್ತೇವೆ. ಬೆಂಥಾಮ್‌ನ ಲೆಕ್ಕದಲ್ಲಿ ಸಿಂಪಿಯ ಬದುಕು ಎಷ್ಟೋ ಸಾವಿರ ವರ್ಷಗಳಾಚೆ ಒಂದು ದಿನ ಹೈಡನ್‌ನನ್ನು ದಾಟಲೇಬೇಕು. ನಮ್ಮಲ್ಲಿ ಹೆಚ್ಚಿನವರು ಆಗಲೂ ಹೈಡನ್‌ನ ಬದುಕನ್ನೇ ಬಯಸುತ್ತೇವೆ.

ನಾನೂ ಬಯಸುತ್ತೇನೆ. ಆದರೆ ಇಲ್ಲಿ ಹೋಲಿಸಿರುವುದು ಎರಡು ಇಡೀ ಬದುಕುಗಳನ್ನು. ಹೈಡನ್‌ನ ಬದುಕಿನಲ್ಲಿ ಊಟ, ನಿದ್ದೆ, ಬಿಸಿಲು ಕಾಯಿಸುವುದು ಎಲ್ಲ ಇದ್ದವು. ಸಿಂಪಿಯದರಲ್ಲಿ ಹೈಡನ್‌ನದೇನೂ ಇಲ್ಲ. ಮಿಲ್‌ನ ಮಾತು ಈ ಮಟ್ಟದಲ್ಲಿ ನಿಲ್ಲುತ್ತದೆ: ಮೇಲಿನ ಸುಖದ ಸಾಮರ್ಥ್ಯವೇ ಇಲ್ಲದ ಬದುಕನ್ನು ಯಾವ ಉದ್ದವೂ ಸರಿದೂಗಿಸಲಾರದು. ಅದೇ ಮಾತನ್ನು ಒಂದೊಂದು ಗಂಟೆಗೆ, ಒಂದೊಂದು ತುತ್ತಿಗೆ ಅನ್ವಯಿಸಿದರೆ ಮುರಿದುಬೀಳುತ್ತದೆ. ಹಾಗೆ ನಂಬುವವನು ಇನ್ನೊಂದು ಪುಟ ಓದುವುದಕ್ಕಾಗಿ ಹಬ್ಬದೂಟವನ್ನೂ ಬಿಡಬೇಕಾಗುತ್ತದೆ. ಹಾಗೆ ಬದುಕಿದವರು ಯಾರೂ ಇಲ್ಲ, ಮಿಲ್ ಕೂಡ ಬದುಕಲಿಲ್ಲ. ನನ್ನ ಮಟ್ಟಿಗೆ ಗುಣ ಹೆಚ್ಚೋ ಪ್ರಮಾಣ ಹೆಚ್ಚೋ ಎಂಬ ಪ್ರಶ್ನೆಗೆ ಬದುಕಿನ ಆಕಾರವನ್ನು ನಿರ್ಧರಿಸುವಾಗ ಗುಣ, ದಿನದ ವೇಳೆ ಹಂಚುವಾಗ ಎರಡೂ ಎಂಬುದೇ ಉತ್ತರ.

ಈಗ ಬೆಂಥಾಮ್‌ಗೆ ಉತ್ತರ ಕೊಡಬೇಕು. ಮೇಲಿನ ಸುಖವೆಂಬುದು ನಿಜವಾಗಿದ್ದರೆ ಎಲ್ಲರ ತೆರಿಗೆಯನ್ನು ಅದಕ್ಕೇ ಸುರಿಯಬಹುದೇ? ಹಾಗಂದುಕೊಂಡರೆ, ಯಾವುದು ಮೇಲು ಎಂದು ಗೊತ್ತುಮಾಡುವ ಸಮಿತಿಯವರು ತಮ್ಮ ರುಚಿಯನ್ನೇ ಮೇಲೆಂದು ಬರೆದುಕೊಳ್ಳುತ್ತಾರೆ. ಬೆಂಥಾಮ್‌ನ ಅನುಮಾನ ಇಲ್ಲಿ ನೂರಕ್ಕೆ ನೂರು ಸರಿ. ಮಿಲ್‌ನ ಗಿಡದ ಮಾತು ಬೇರೆ ದಾರಿ ತೋರಿಸುತ್ತದೆ. ಸಾಮರ್ಥ್ಯ ಸಾಯುವುದು ಕೆಲಸದಿಂದ, ದಣಿವಿನಿಂದ, ಅವಕಾಶ ಇಲ್ಲದಿರುವುದರಿಂದ. ಆದ್ದರಿಂದ ಸಾರ್ವಜನಿಕ ಹಣ, ಸಾರ್ವಜನಿಕ ಕಾನೂನು ಮೊದಲು ಹೋಗಬೇಕಾದದ್ದು ಆಯ್ದ ಕಲೆಗಳ ಬಹುಮಾನಕ್ಕಲ್ಲ, ಎಲ್ಲರ ಬಿಡುವಿಗೆ. ಮಿಲ್ ಬದುಕಿದ್ದ ಕಾಲದ ಇಂಗ್ಲೆಂಡಿನಲ್ಲೇ ಇದರ ಎರಡು ಉದಾಹರಣೆಗಳಿವೆ. 1847ರ ಕಾನೂನು ಬಟ್ಟೆ ಗಿರಣಿಗಳಲ್ಲಿ ಹೆಂಗಸರ, ಎಳೆಯರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಗೊಳಿಸಿತು. 1850ರ ಕಾನೂನು ಪಟ್ಟಣಗಳಿಗೆ ತೆರಿಗೆ ಹಣದಿಂದ ಸಾರ್ವಜನಿಕ ಗ್ರಂಥಾಲಯ ತೆರೆಯುವ ಅಧಿಕಾರ ಕೊಟ್ಟಿತು. ಎರಡೂ ಯಾರಿಗೂ ಏನನ್ನು ಓದು, ಏನನ್ನು ಮೆಚ್ಚು ಎಂದು ಹೇಳಲಿಲ್ಲ. ಎರಡನ್ನೂ ಬಲ್ಲವರ ಸಂಖ್ಯೆಯನ್ನು ಹೆಚ್ಚಿಸಿದವು. ತೀರ್ಪನ್ನು ಜನಕ್ಕೇ ಬಿಟ್ಟವು. ರಾತ್ರಿ ಹತ್ತಕ್ಕೆ ಸೋಫಾದ ಮೇಲೆ ಕೂತ ಆಕೆಗೂ ಪಂಪನ ಮೇಲೊಂದು ಉಪನ್ಯಾಸ ಬೇಕಾಗಿಲ್ಲ. ಅವಳಿಗೆ ಬೇಕಾದದ್ದು ಆರು ಗಂಟೆಗೆ ಬಿಡುವ ಕಚೇರಿ, ಕೂರಲು ಜಾಗ ಸಿಗುವ ಬಸ್ಸು, ಅಡುಗೆಮನೆಯಲ್ಲಿ ಇನ್ನೊಂದು ಜೊತೆ ಕೈ.

ಮಿಲ್‌ನ ಆ ಎರಡನೇ ಅಧ್ಯಾಯ ಚಿಕ್ಕದು, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಓದುವವರು ಸಾಕ್ರೆಟಿಸ್‌ನ ವಾಕ್ಯಕ್ಕೆ ಗೆರೆ ಎಳೆದು ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಅದರ ಮುಂದಿನ ಎರಡು ಪುಟ ಓದಿ, ಆಮೇಲೆ ಮಿಲ್ ಸರಿಯೋ ತಪ್ಪೋ ಹೇಳಿ.